ಕಾಣದ ಕಂಬಕ್ಕೆ ಎಷ್ಟು ಕಾಂಕ್ರೀಟು, ಎಷ್ಟು ಕಬ್ಬಿಣ?

ಹಾಂಗ್‌ಕಾಂಗ್‌ನ ಶಾ ಟಿನ್ ಪ್ರದೇಶದಲ್ಲಿ ಯುವೆನ್ ಚೌ ಕೊಕ್ ಎಂಬ ಜಾಗವಿದೆ. ಅಲ್ಲಿ 34 ಅಂತಸ್ತಿನ ಎರಡು ವಸತಿ ಗೋಪುರಗಳು ಹೆಚ್ಚುಕಡಿಮೆ ಪೂರ್ತಿಯಾಗಿ ಎದ್ದು ನಿಂತಿದ್ದವು. ಮೇಲಿನಿಂದ ನೋಡಿದವರಿಗೆ ಯಾವ ಕೊರತೆಯೂ ಕಾಣುತ್ತಿರಲಿಲ್ಲ. ಕೊರತೆ ಇದ್ದದ್ದು ನೆಲದೊಳಗೆ. ಕಟ್ಟಡವನ್ನು ಹೊರಬೇಕಿದ್ದ ಕಾಂಕ್ರೀಟ್ ಪೈಲ್‌ಗಳಲ್ಲಿ ಹಲವು ನಕ್ಷೆಯಲ್ಲಿ ಹೇಳಿದ ಆಳಕ್ಕೆ ಇಳಿದೇ ಇರಲಿಲ್ಲ. ಕೆಲವು ಹದಿನೈದು ಮೀಟರಿನಷ್ಟು ಗಿಡ್ಡವಾಗಿದ್ದವು. 2000ರಲ್ಲಿ ಆ ಎರಡೂ ಗೋಪುರಗಳನ್ನು ಕೆಡವಬೇಕೆಂದು ತೀರ್ಮಾನವಾಯಿತು.

ಗೋಡೆ ಸೊಟ್ಟಗಾದರೆ ಕಣ್ಣಿಗೆ ಕಾಣುತ್ತದೆ, ಪಿಲ್ಲರಿನಲ್ಲಿ ಜೇನುಗೂಡಿನಂಥ ತೂತು ಬಿದ್ದರೆ ಸೆಂಟ್ರಿಂಗ್ ಬಿಚ್ಚಿದ ದಿನವೇ ಗೊತ್ತಾಗುತ್ತದೆ. ನೆಲ ಕೊರೆದು ಅದರೊಳಗೇ ಎರಕ ಹೊಯ್ಯುವ ಪೈಲ್ ಮಾತ್ರ ಹಾಗಲ್ಲ. ಅದರ ತಲೆಯೊಂದನ್ನು ಬಿಟ್ಟರೆ ಉಳಿದ ಮೈಯನ್ನು ಯಾರೂ ನೋಡುವುದಿಲ್ಲ. ಹಾಗಾಗಿ ಸೈಟಿನಲ್ಲಿ ಎರಡು ಲೆಕ್ಕಗಳಿಗೆ ದೊಡ್ಡ ಬೆಲೆ: ಈ ಗುಂಡಿಗೆ ಎಷ್ಟು ಘನ ಮೀಟರ್ ಕಾಂಕ್ರೀಟ್ ಹೋಗಬೇಕು, ಒಳಗಿಳಿಸುವ ಕಂಬಿಯ ಪಂಜರ ಎಷ್ಟು ಕಿಲೋ ತೂಗಬೇಕು. ಇವೆರಡನ್ನೂ ಸಾಮಾನ್ಯವಾಗಿ ಸಾಮಾನು ತರಿಸುವುದಕ್ಕೆ ಮತ್ತು ಬಿಲ್ ಮಾಡುವುದಕ್ಕೆ ಹಾಕುತ್ತಾರೆ. ಆದರೆ ಸರಿಯಾಗಿ ಬಳಸಿಕೊಂಡರೆ ಇವೇ ನೆಲದೊಳಗೆ ಏನಾಯಿತೆಂದು ಹೇಳುವ ಸಾಕ್ಷಿಗಳು. ಹೈಸ್ಕೂಲಿನ ಗಣಿತ ಬಲ್ಲ ಯಾರಾದರೂ ಇವನ್ನು ಹಾಕಬಹುದು.

ಗುಂಡಿ ತೋಡುವುದರಿಂದ ಎರಕದವರೆಗೆ

ಕರಾವಳಿಯಲ್ಲಿ ನದಿ ಬದಿಯ ಗದ್ದೆಗಳನ್ನು ಮಣ್ಣು ತುಂಬಿಸಿ ಕಟ್ಟಡ ಕಟ್ಟುವುದು ಈಗ ಸಾಮಾನ್ಯ. ಅಂಥ ಕಡೆ ಮೇಲಿನ ಹಲವು ಮೀಟರ್ ಮಣ್ಣು ಮೆತ್ತಗೆ, ಕೆಸರು ಕೆಸರಾಗಿರುತ್ತದೆ. ಮಾಮೂಲಿ ಪಾಯ ಅಲ್ಲಿ ನಿಲ್ಲದು. ಭಾರವನ್ನು ಕೆಳಗಿನ ಗಟ್ಟಿ ಪದರಕ್ಕೋ ಬಂಡೆಗೋ ದಾಟಿಸಲು ಪೈಲ್ ಬೇಕಾಗುತ್ತದೆ.

ಮೊದಲು ರಿಗ್ ಅಥವಾ ಟ್ರೈಪಾಡ್ ನಿಲ್ಲಿಸಿ ಗುಂಡಿ ಕೊರೆಯುತ್ತಾರೆ. ಬಾಯಿಯ ಹತ್ತಿರ ಮಣ್ಣು ಕುಸಿಯದಂತೆ ಕೆಲವು ಮೀಟರ್ ಉದ್ದದ ಉಕ್ಕಿನ ಕೊಳವೆ ಇಳಿಸುತ್ತಾರೆ. ಇದಕ್ಕೆ ಕೇಸಿಂಗ್ ಎನ್ನುತ್ತಾರೆ. ಅದರ ಕೆಳಗೆ ಗುಂಡಿಯ ಗೋಡೆಯನ್ನು ಹಿಡಿದು ನಿಲ್ಲಿಸುವುದು ಬೆಂಟೋನೈಟ್ ಎಂಬ ಜೇಡಿಯನ್ನು ಕಲಸಿದ ನೀರು. ಗುಂಡಿ ಬೇಕಾದ ಆಳ ಮುಟ್ಟಿದ ಮೇಲೆ ತಳದ ಕೆಸರನ್ನು ತೊಳೆದು ತೆಗೆದು, ಕಂಬಿಯ ಕೇಜನ್ನು ಕ್ರೇನಿನಿಂದ ಎತ್ತಿ ಇಳಿಸುತ್ತಾರೆ. ಆಮೇಲೆ ಟ್ರೆಮಿ ಎಂಬ ಕೊಳವೆಯನ್ನು ತಳದವರೆಗೆ ಬಿಟ್ಟು, ಅದರ ಮೂಲಕ ಕಾಂಕ್ರೀಟ್ ಹೊಯ್ಯುತ್ತಾರೆ. ಕಾಂಕ್ರೀಟ್ ಬುಡದಿಂದ ಮೇಲೇರುತ್ತಾ ಬೆಂಟೋನೈಟ್ ನೀರನ್ನು ಹೊರಗೆ ತಳ್ಳುತ್ತದೆ. ಕೊಳವೆಯ ತುದಿ ಯಾವಾಗಲೂ ಕಾಂಕ್ರೀಟಿನೊಳಗೇ ಮುಳುಗಿರಬೇಕು. ಅದು ಒಮ್ಮೆ ಹೊರಗೆ ಬಂದರೆ ಕೆಸರು ನೀರು ನಡುವೆ ನುಗ್ಗಿ, ಪೈಲ್ ಅಲ್ಲಿಗೇ ಎರಡು ತುಂಡಾದಂತೆ.

ಭಾರತದಲ್ಲಿ ಇಂಥ ಪೈಲ್‌ಗಳ ನಿಯಮಗಳು ಐಎಸ್ 2911 ಎಂಬ ಮಾನಕದಲ್ಲಿವೆ. ಕಾಂಕ್ರೀಟ್ ಕನಿಷ್ಠ ಎಂ 25 ದರ್ಜೆಯದ್ದಾಗಿರಬೇಕು, ಘನ ಮೀಟರಿಗೆ ಸಾಮಾನ್ಯವಾಗಿ 400 ಕಿಲೋ ಸಿಮೆಂಟ್ ಇರಬೇಕು, ಉದ್ದದ ಕಂಬಿಗಳ ಅಡ್ಡಕೊಯ್ತ ಪೈಲ್‌ನ ಅಡ್ಡಕೊಯ್ತದ ಶೇ 0.4ಕ್ಕಿಂತ ಕಡಿಮೆ ಇರಬಾರದು ಎಂಬ ಮಾತುಗಳೆಲ್ಲ ಬರುವುದು ಅಲ್ಲಿಂದ.

ಕಾಂಕ್ರೀಟಿನ ಲೆಕ್ಕ

ಒಂದು ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ಹೋದರೆ ವಿಷಯ ಸುಲಭವಾಗುತ್ತದೆ. ನದಿ ಬದಿಯ ಒಂದು ಸೈಟಿನಲ್ಲಿ ನಾಲ್ಕಂತಸ್ತಿನ ಕಟ್ಟಡಕ್ಕೆ 60 ಸೆಂಟಿಮೀಟರ್ ವ್ಯಾಸದ ಪೈಲ್‌ಗಳು ಎಂದಿಟ್ಟುಕೊಳ್ಳಬಹುದು. ರಿಗ್ ನಿಂತ ನೆಲಮಟ್ಟದಿಂದ ಗುಂಡಿಯ ತಳಕ್ಕೆ 20 ಮೀಟರ್. ಪೈಲ್ ಕ್ಯಾಪ್ ಕೂರಬೇಕಾದ ಮಟ್ಟ, ಅಂದರೆ ಕಟ್-ಆಫ್ ಲೆವೆಲ್, ನೆಲದಿಂದ 1.5 ಮೀಟರ್ ಕೆಳಗೆ. ಹೀಗಾಗಿ ಪೈಲ್‌ನ ನಿಜವಾದ ಉದ್ದ 18.5 ಮೀಟರ್.

ಪೈಲ್ ಎಂದರೆ ಒಂದು ಸಿಲಿಂಡರ್. ವ್ಯಾಸವನ್ನು ಮೀಟರಿನಲ್ಲಿ ಬರೆದು, ಅದನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.7854ರಿಂದ ಗುಣಿಸಿದರೆ ಅಡ್ಡಕೊಯ್ತ ಸಿಗುತ್ತದೆ. 0.6 × 0.6 × 0.7854 ಎಂದರೆ 0.283 ಚದರ ಮೀಟರ್. ಅಂದರೆ ಈ ಗುಂಡಿಯ ಪ್ರತಿ ಮೀಟರ್ ಆಳಕ್ಕೆ 0.283 ಘನ ಮೀಟರ್ ಕಾಂಕ್ರೀಟ್ ಬೇಕು. 18.5 ಮೀಟರಿಗೆ 5.23 ಘನ ಮೀಟರ್.

ಇಷ್ಟಕ್ಕೇ ನಿಲ್ಲಿಸುವಂತಿಲ್ಲ. ತಳದಿಂದ ಮೇಲೇರಿ ಬರುವ ಕಾಂಕ್ರೀಟಿನ ಮೊದಲ ಪದರ ಉದ್ದಕ್ಕೂ ಬೆಂಟೋನೈಟ್ ಮತ್ತು ಕೆಸರನ್ನು ಒರೆಸಿಕೊಂಡು ಬಂದಿರುತ್ತದೆ. ಆ ಭಾಗ ಗಟ್ಟಿಯಾಗುವುದಿಲ್ಲ. ಅದಕ್ಕೇ ಕಟ್-ಆಫ್ ಮಟ್ಟದ ಮೇಲೂ ಒಂದಿಷ್ಟು ಎತ್ತರ ಹೊಯ್ದು, ಆಮೇಲೆ ಬ್ರೇಕರ್ ಹಿಡಿದು ಒಡೆದು ತೆಗೆಯುತ್ತಾರೆ. ನಮ್ಮ ಉದಾಹರಣೆಯ ನಕ್ಷೆ ಹೀಗೆ 60 ಸೆಂಟಿಮೀಟರ್ ಹೆಚ್ಚು ಹೊಯ್ಯಲು ಹೇಳಿದೆ ಎಂದುಕೊಂಡರೆ ಹೊಯ್ಯಬೇಕಾದ ಉದ್ದ 19.1 ಮೀಟರ್, ಪ್ರಮಾಣ 5.4 ಘನ ಮೀಟರ್. ಸೈಟಿನಲ್ಲಿ ಇದಕ್ಕೆ ಥಿಯರೆಟಿಕಲ್ ಕ್ವಾಂಟಿಟಿ ಎನ್ನುತ್ತಾರೆ. ಕಾಂಕ್ರೀಟಿನೊಳಗೆ ಕಂಬಿ ಹಿಡಿಯುವ ಜಾಗವನ್ನು ಇದರಲ್ಲಿ ಕಳೆಯುವುದಿಲ್ಲ. ಇಡೀ ಪಂಜರ ಹಿಡಿಯುವ ಜಾಗ ಶೇಕಡಾ ಒಂದಕ್ಕಿಂತ ಕಡಿಮೆ ಎಂಬುದು ಮುಂದೆ ತಿಳಿಯುತ್ತದೆ.

ಈಗ ನಿಜವಾದ ಗುಂಡಿಯ ವಿಷಯ. ಕೊರೆಯುವ ಉಪಕರಣದ ವ್ಯಾಸ 60 ಸೆಂಟಿಮೀಟರ್ ಇರಬಹುದು, ಆದರೆ ಗುಂಡಿ ಆ ಅಳತೆಗೇ ನಿಲ್ಲುವುದಿಲ್ಲ. ಮರಳಿನ ಪದರದಲ್ಲಿ ಗೋಡೆ ಉದುರುತ್ತದೆ. ಮೆತ್ತನೆಯ ಜೇಡಿಯಲ್ಲಿ ಕಾಂಕ್ರೀಟಿನ ಒತ್ತಡಕ್ಕೆ ಗೋಡೆ ಹೊರಕ್ಕೆ ಸರಿಯುತ್ತದೆ. ಕೇಸಿಂಗ್ ಗುಂಡಿಗಿಂತ ಕೊಂಚ ದಪ್ಪ. ಎರಕ ಮುಗಿದು ಅದನ್ನು ಎಳೆದಾಗ ಅದು ಬಿಟ್ಟ ಜಾಗಕ್ಕೂ ಕಾಂಕ್ರೀಟ್ ಇಳಿಯುತ್ತದೆ.

ಇಲ್ಲಿ ಬಹಳ ಜನ ಮೋಸಹೋಗುವ ಒಂದು ಸಂಗತಿಯಿದೆ. ಗುಂಡಿ ಸರಾಸರಿ ಐದೇ ಸೆಂಟಿಮೀಟರ್ ಅಗಲವಾಗಿ 65 ಸೆಂಟಿಮೀಟರ್ ಆಯಿತೆನ್ನಿ. ವ್ಯಾಸ ಹೆಚ್ಚಿದ್ದು ಶೇ 8. ಆದರೆ ಅಡ್ಡಕೊಯ್ತ ವ್ಯಾಸದ ವರ್ಗದಂತೆ ಬೆಳೆಯುವುದರಿಂದ ಕಾಂಕ್ರೀಟ್ ಹೆಚ್ಚುವುದು ಶೇ 17. 5.4 ಇದ್ದದ್ದು 6.3 ದಾಟುತ್ತದೆ. ಗುಂಡಿಯ ಗೋಡೆ ಎಲ್ಲ ಕಡೆ ಎರಡೂವರೆ ಸೆಂಟಿಮೀಟರ್ ಉದುರಿದರೆ ಸಾಕು, ಸುಮಾರು ಒಂದು ಘನ ಮೀಟರ್ ಹೆಚ್ಚಿಗೆ ಬೇಕಾಗುತ್ತದೆ.

ಇದು ದುಡ್ಡಿನ ಪ್ರಶ್ನೆಯಷ್ಟೇ ಅಲ್ಲ. ಮಿಕ್ಸರ್ ಲಾರಿಯೊಂದು ಸಾಮಾನ್ಯವಾಗಿ ಆರು ಘನ ಮೀಟರ್ ತರುತ್ತದೆ. 5.4 ಎಂದು ಲೆಕ್ಕ ಹಾಕಿ ಒಂದೇ ಲಾರಿ ಹೇಳಿದವನಿಗೆ, ಪೈಲ್‌ನ ತಲೆ ಇನ್ನೂ ಒಂದು ಮೀಟರ್ ಕೆಳಗಿರುವಾಗಲೇ ಲಾರಿ ಖಾಲಿಯಾಗಬಹುದು. ಇನ್ನೊಂದು ಲಾರಿ ಪ್ಲಾಂಟಿನಿಂದ ಹೊರಟು, ಟ್ರಾಫಿಕ್ ದಾಟಿ ಬರುವಷ್ಟರಲ್ಲಿ ಗುಂಡಿಯೊಳಗಿನ ಕಾಂಕ್ರೀಟ್ ಬಿಗಿಯುತ್ತಿರುತ್ತದೆ. ಟ್ರೆಮಿ ಕೊಳವೆ ಸಿಕ್ಕಿಹಾಕಿಕೊಳ್ಳುತ್ತದೆ. ಬಲವಂತವಾಗಿ ಎಳೆದರೆ ಕೇಜೂ ಜೊತೆಗೆ ಮೇಲೇಳುತ್ತದೆ. ಆದ್ದರಿಂದ ಅನುಭವವಿರುವ ಎಂಜಿನಿಯರ್‌ಗಳು ಅದೇ ಸೈಟಿನ ಮೊದಲ ಕೆಲವು ಪೈಲ್‌ಗಳಲ್ಲಿ ಎಷ್ಟು ಹೆಚ್ಚಿಗೆ ಹೋಯಿತೆಂದು ನೋಡಿ, ಆ ಪ್ರಮಾಣವನ್ನು ಸೇರಿಸಿಯೇ ಆರ್ಡರ್ ಕೊಡುತ್ತಾರೆ, ಎರಡನೇ ಲಾರಿಯನ್ನು ಮೊದಲೇ ಹೊರಡಿಸಿರುತ್ತಾರೆ.

ಸಣ್ಣ ಸೈಟುಗಳಲ್ಲಿ ಕಾಂಕ್ರೀಟನ್ನು ಅಲ್ಲೇ ಕಲಸುವುದುಂಟು. ಅಲ್ಲಿ ಮೂಟೆಗಳೇ ಲೆಕ್ಕ ಹೇಳುತ್ತವೆ. ಘನ ಮೀಟರಿಗೆ 400 ಕಿಲೋ ಎಂದರೆ ಎಂಟು ಮೂಟೆ. 5.4 ಘನ ಮೀಟರಿಗೆ 43 ಮೂಟೆ. ಗುಂಡಿ ಹಿಗ್ಗಿ ಶೇ 10 ಹೆಚ್ಚಿಗೆ ಹಿಡಿದರೆ 47–48. ಮಿಶ್ರಣ ಇದೇ ಆಗಿದ್ದು, ಒಂದು ಪೈಲ್‌ನ ಕೆಲಸ ಮುಗಿದಾಗ ಖಾಲಿ ಚೀಲಗಳು 36 ಮಾತ್ರ ಇದ್ದರೆ, ಒಂದೋ ಗುಂಡಿ ಅಷ್ಟು ಆಳವಿರಲಿಲ್ಲ, ಇಲ್ಲವೇ ಕಾಂಕ್ರೀಟಿಗೆ ಸಿಮೆಂಟ್ ಕಡಿಮೆ ಬಿತ್ತು.

ವ್ಯಾಸ ಬೇರೆಯಾದರೂ ಹಾದಿ ಇದೇ. 45 ಸೆಂಟಿಮೀಟರ್ ಪೈಲ್‌ಗೆ ಮೀಟರಿಗೆ 0.159 ಘನ ಮೀಟರ್ ಹಿಡಿದರೆ, ಸೇತುವೆಗಳಿಗೆ ಬಳಸುವ 1.2 ಮೀಟರ್ ವ್ಯಾಸದ ಪೈಲ್‌ಗೆ ಮೀಟರಿಗೆ 1.131 ಘನ ಮೀಟರ್. 60 ಸೆಂಟಿಮೀಟರ್‌ನ ದುಪ್ಪಟ್ಟು ವ್ಯಾಸ, ನಾಲ್ಕು ಪಟ್ಟು ಕಾಂಕ್ರೀಟ್.

ಕೇಜಿನ ತೂಕ

ಕಂಬಿಯ ತೂಕಕ್ಕೆ ಬಾರ್ ಬೆಂಡರ್‌ಗಳೆಲ್ಲ ಬಲ್ಲ ಒಂದು ಸೂತ್ರವಿದೆ. ಕಂಬಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ಬರೆದು, ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರ್ ಕಂಬಿಯ ತೂಕ ಕಿಲೋದಲ್ಲಿ ಸಿಗುತ್ತದೆ. ಇದರ ಮೂಲ ಸರಳ. ಒಂದು ಘನ ಮೀಟರ್ ಉಕ್ಕು 7,850 ಕಿಲೋ ತೂಗುತ್ತದೆ. ಅದನ್ನು ದುಂಡು ಕಂಬಿಯ ಅಡ್ಡಕೊಯ್ತಕ್ಕೆ ಹೊಂದಿಸಿ, ಮಿಲಿಮೀಟರನ್ನು ಮೀಟರಿಗೆ ತಂದಾಗ ಉಳಿಯುವ ಸಂಖ್ಯೆಯೇ 162. ಈ ಲೆಕ್ಕದಲ್ಲಿ 12 ಎಂಎಂ ಕಂಬಿ ಮೀಟರಿಗೆ 0.89 ಕಿಲೋ, 16 ಎಂಎಂ ಕಂಬಿ 1.58 ಕಿಲೋ, 20 ಎಂಎಂ ಕಂಬಿ 2.47 ಕಿಲೋ.

ಉದಾಹರಣೆಯ ಪೈಲ್‌ಗೆ ಮಾನಕ ಕೇಳುವ ಕನಿಷ್ಠ ಕಬ್ಬಿಣ ಎಷ್ಟು? ಅಡ್ಡಕೊಯ್ತ 2,82,743 ಚದರ ಮಿಲಿಮೀಟರ್. ಅದರ ಶೇ 0.4 ಎಂದರೆ 1,131. 16 ಎಂಎಂ ಕಂಬಿಯೊಂದರ ಅಡ್ಡಕೊಯ್ತ 201. ಆರು ಕಂಬಿ ಇಟ್ಟರೆ ನಿಯಮ ಪಾಲಿಸಿದಂತಾಗುತ್ತದೆ. ಆದರೆ ಗಾಳಿ, ಭೂಕಂಪದ ಅಡ್ಡ ತಳ್ಳಾಟ ಮತ್ತು ಮೆತ್ತನೆಯ ಮಣ್ಣನ್ನು ಲೆಕ್ಕಕ್ಕೆ ತೆಗೆದುಕೊಂಡು ವಿನ್ಯಾಸಕಾರರು ಎಂಟು ಕಂಬಿ ಕೊಟ್ಟಿದ್ದಾರೆ ಎಂದುಕೊಳ್ಳಬಹುದು. ಇವೇ ಮೇನ್ ಬಾರ್‌ಗಳು.

ಎಂಟು ಕಂಬಿ, 18.5 ಮೀಟರ್ ಉದ್ದ, ಮೀಟರಿಗೆ 1.58 ಕಿಲೋ ಎಂದು ಗುಣಿಸಿದರೆ 234 ಕಿಲೋ ಬರುತ್ತದೆ. ಈ ಉತ್ತರ ತಪ್ಪು. ತಪ್ಪಾಗುವುದು ಗುಣಾಕಾರದಲ್ಲಲ್ಲ, ಉದ್ದದಲ್ಲಿ. ಕಂಬಿಯ ಉದ್ದ ಪೈಲ್‌ನ ಉದ್ದಕ್ಕೆ ಸಮವಲ್ಲ.

ಕೇಜ್ ಗುಂಡಿಯ ತಳಕ್ಕೆ ತಾಗಿ ಕೂರಬಾರದು. ಬುಡದಲ್ಲಿ 10 ಸೆಂಟಿಮೀಟರ್ ಬಿಡುತ್ತಾರೆ. ಮೇಲೆ ಕಟ್-ಆಫ್ ಮಟ್ಟ ದಾಟಿ ಕಂಬಿಗಳು ಪೈಲ್ ಕ್ಯಾಪಿನೊಳಗೆ ಚಾಚಿರಬೇಕು. ಆಗಲೇ ಕ್ಯಾಪ್ ಮತ್ತು ಪೈಲ್ ಒಂದಕ್ಕೊಂದು ಕಚ್ಚಿಕೊಳ್ಳುವುದು. ಆ ಚಾಚು ಕಂಬಿಯ ವ್ಯಾಸದ ಐವತ್ತು ಪಟ್ಟು ಎಂದು ನಕ್ಷೆ ಹೇಳಿದರೆ 80 ಸೆಂಟಿಮೀಟರ್. ಅಲ್ಲಿಗೆ ಉದ್ದ 18.5ರಿಂದ 0.1 ಕಳೆದು 0.8 ಕೂಡಿಸಿ 19.2 ಮೀಟರ್. ಕಂಬಿ ಅಂಗಡಿಯಿಂದ ಬರುವುದು 12 ಮೀಟರ್ ತುಂಡುಗಳಲ್ಲಿ. ಹಾಗಾಗಿ ಪ್ರತಿ ಕಂಬಿಗೂ ಒಂದು ಜೋಡಣೆ ಬೇಕು. ಜೋಡಿಸುವ ಕಡೆ ಎರಡು ತುಂಡುಗಳು ಐವತ್ತು ಪಟ್ಟು, ಅಂದರೆ ಮತ್ತೆ 80 ಸೆಂಟಿಮೀಟರ್, ಒಂದರ ಪಕ್ಕ ಒಂದು ಕೂರಬೇಕು. ಇದಕ್ಕೆ ಲ್ಯಾಪ್ ಎನ್ನುತ್ತಾರೆ. ಒಟ್ಟು ಕಂಬಿಯೊಂದಕ್ಕೆ 20 ಮೀಟರ್.

ಎಂಟು ಕಂಬಿಗೆ 160 ಮೀಟರ್. 1.58ರಿಂದ ಗುಣಿಸಿದರೆ 253 ಕಿಲೋ. ಮೊದಲ ಉತ್ತರಕ್ಕಿಂತ 19 ಕಿಲೋ, ಅಂದರೆ ಶೇ 8 ಹೆಚ್ಚು. ನೂರು ಪೈಲ್‌ಗಳ ಕೆಲಸದಲ್ಲಿ ಈ ಒಂದು ಮರೆವೇ ಸುಮಾರು ಎರಡು ಟನ್ ಕಬ್ಬಿಣ.

ಪೈಲ್ ಆಳವಾದಷ್ಟೂ ಲ್ಯಾಪ್‌ಗಳು ಹೆಚ್ಚುತ್ತವೆ. ಕಂಬಿಗೆ 23.2 ಮೀಟರ್ ಬೇಕಾಗುವವರೆಗೂ ಎರಡು ತುಂಡು, ಒಂದು ಲ್ಯಾಪ್ ಸಾಕು. ಅದನ್ನು ಒಂದಡಿ ದಾಟಿದರೂ ಮೂರನೇ ತುಂಡು, ಎರಡನೇ ಲ್ಯಾಪ್. ದಪ್ಪ ಕಂಬಿಗೆ ಲ್ಯಾಪ್ ಕೂಡ ಉದ್ದ: 25 ಎಂಎಂ ಕಂಬಿಗೆ ಐವತ್ತು ಪಟ್ಟು ಎಂದರೆ ಒಂದೂಕಾಲು ಮೀಟರ್. ಆದ್ದರಿಂದ ಆಳವನ್ನು ಮೀಟರ್ ಲೆಕ್ಕದಲ್ಲಿ ಏರಿಸುತ್ತಾ ಹೋದರೆ ಕಾಂಕ್ರೀಟ್ ಒಂದೇ ಸಮನೆ ಏರುತ್ತದೆ, ಕೇಜಿನ ತೂಕ ಮಾತ್ರ ಹನ್ನೆರಡು ಮೀಟರಿನ ಗಡಿಗಳಲ್ಲಿ ಮೆಟ್ಟಿಲು ಹತ್ತುತ್ತದೆ.

ಮೇನ್ ಬಾರ್‌ಗಳ ಜೊತೆಗೆ ಇನ್ನೆರಡು ಬಾಬ್ತುಗಳಿವೆ. ಹೊರಗಿನಿಂದ ಸುರುಳಿಯಾಗಿ ಸುತ್ತುವ ತೆಳು ಕಂಬಿ ಒಂದು, ಪಂಜರ ಎತ್ತುವಾಗ ಚಪ್ಪಟೆಯಾಗದಂತೆ ಒಳಗೆ ಕೂರಿಸುವ ಗಟ್ಟಿ ರಿಂಗುಗಳು ಇನ್ನೊಂದು. ಉಪ್ಪು ನೀರಿನ ಮಣ್ಣಾದ್ದರಿಂದ ಕಂಬಿಯ ಸುತ್ತ 7.5 ಸೆಂಟಿಮೀಟರ್ ಕಾಂಕ್ರೀಟಿನ ಕವರ್ ಬಿಟ್ಟರೆ, ಪಂಜರದ ಹೊರ ವ್ಯಾಸ 45 ಸೆಂಟಿಮೀಟರ್. 8 ಎಂಎಂ ಕಂಬಿಯನ್ನು 15 ಸೆಂಟಿಮೀಟರಿಗೆ ಒಂದು ಸುತ್ತಿನಂತೆ ಸುತ್ತಿದರೆ ಸುಮಾರು 123 ಸುತ್ತು, ಪ್ರತಿ ಸುತ್ತಿಗೆ 1.4 ಮೀಟರ್, ತೂಕ ಸುಮಾರು 68 ಕಿಲೋ. ಒಂದೂವರೆ ಮೀಟರಿಗೊಂದರಂತೆ 16 ಎಂಎಂ ಕಂಬಿಯ ಹದಿಮೂರು ರಿಂಗುಗಳಿಗೆ ಸುಮಾರು 28 ಕಿಲೋ. ಎಲ್ಲ ಸೇರಿ ಕೇಜಿನ ತೂಕ 350 ಕಿಲೋ ಆಸುಪಾಸು. 7,850ರಿಂದ ಭಾಗಿಸಿದರೆ ಅದು ಹಿಡಿಯುವ ಜಾಗ 0.045 ಘನ ಮೀಟರ್. ಕಾಂಕ್ರೀಟಿನ ಲೆಕ್ಕದಲ್ಲಿ ಅದನ್ನು ಕಳೆಯದಿದ್ದದ್ದು ಇದಕ್ಕೇ.

ಈ 350 ಕಿಲೋವನ್ನು ತೂಕದ ಸೇತುವೆಯ ಮೇಲೆ ಇಟ್ಟರೆ ಅಷ್ಟೇ ಬರಬೇಕೆಂದಿಲ್ಲ. ಕಂಬಿ ತಯಾರಿಕೆಯ ಮಾನಕ ಐಎಸ್ 1786, 16 ಎಂಎಂ ಕಂಬಿಯ ತೂಕದಲ್ಲಿ ಶೇ 5ರಷ್ಟು ಹೆಚ್ಚುಕಡಿಮೆಗೆ ಅವಕಾಶ ಕೊಡುತ್ತದೆ. ಅಂದರೆ 253 ಕಿಲೋದ ಮೇನ್ ಬಾರ್‌ಗಳು 240ರಿಂದ 266ರ ನಡುವೆ ಎಲ್ಲಿ ತೂಗಿದರೂ ನಿಯಮದೊಳಗೇ. ಆದರೆ ಬಂದ ಲೋಡುಗಳೆಲ್ಲ ಒಂದೇ ಸಮನೆ ಕೆಳಗಿನ ಅಂಚಿನಲ್ಲೇ ತೂಗುತ್ತಿದ್ದರೆ, ಸೂತ್ರದ ಪ್ರಕಾರ ಬಿಲ್ ಕಟ್ಟುವ ಮಾಲೀಕನಿಗೆ ನಷ್ಟ. ತೂಕಕ್ಕೆ ದುಡ್ಡೋ, ಸೂತ್ರಕ್ಕೆ ದುಡ್ಡೋ ಎಂಬುದನ್ನು ಕರಾರಿನಲ್ಲಿ ಮೊದಲೇ ಬರೆದುಕೊಳ್ಳುವುದು ಇದಕ್ಕಾಗಿ. 240ಕ್ಕಿಂತಲೂ ಕೆಳಗೆ ಬಂದರೆ ಕಂಬಿಯೇ ತೆಳುವೋ, ಲ್ಯಾಪ್ ಕದ್ದಿದ್ದಾರೋ ಎಂದು ಟೇಪ್ ಹಿಡಿದು ನೋಡಬೇಕು. ಕೇಜ್ ಇನ್ನೂ ನೆಲದ ಮೇಲೆ ಮಲಗಿರುವಾಗಲಷ್ಟೇ ಅದು ಸಾಧ್ಯ.

ಹಗ್ಗಕ್ಕೆ ಕಟ್ಟಿದ ತೂಕ ಹೇಳುವ ಕಥೆ

ಒಟ್ಟು 5.4 ಎಂಬ ಸಂಖ್ಯೆ ಎರಕ ಮುಗಿದ ಮೇಲೆ ಒಂದು ಮಾತು ಹೇಳುತ್ತದೆ. ಎರಕ ನಡೆಯುತ್ತಿರುವಾಗಲೇ ಅದು ಇನ್ನೂ ಹೆಚ್ಚು ಹೇಳಬಲ್ಲದು. ಅದಕ್ಕೆ ಬೇಕಾದ ಸಾಧನ ಅಳತೆಯ ಗುರುತು ಹಾಕಿದ ಒಂದು ಹಗ್ಗ ಮತ್ತು ಅದರ ತುದಿಗೆ ಕಟ್ಟಿದ ಕಬ್ಬಿಣದ ತುಂಡು.

ಮೀಟರಿಗೆ 0.283 ಘನ ಮೀಟರ್ ಎಂಬುದನ್ನು ತಿರುಗಿಸಿದರೆ, ಒಂದು ಘನ ಮೀಟರ್ ಕಾಂಕ್ರೀಟ್ ಈ ಗುಂಡಿಯಲ್ಲಿ 3.54 ಮೀಟರ್ ಏರಬೇಕು. ಎರಕಕ್ಕೆ ಮೊದಲು ಹಗ್ಗ 20 ಮೀಟರಿಗೆ ತಳ ಮುಟ್ಟುತ್ತದೆ. ಒಂದು ಘನ ಮೀಟರ್ ಹೋದ ಮೇಲೆ 16.5ಕ್ಕೆ, ಎರಡಾದ ಮೇಲೆ 12.9ಕ್ಕೆ, ಮೂರಾದ ಮೇಲೆ 9.4ಕ್ಕೆ ಅದು ಕಾಂಕ್ರೀಟಿಗೆ ತಾಗಬೇಕು.

ಸೈಟಿನಲ್ಲಿ ಬರೆದುಕೊಂಡ ಅಂಕಿಗಳು ಹೀಗಿವೆ ಎಂದಿಟ್ಟುಕೊಳ್ಳಬಹುದು: ಮೊದಲ ಘನ ಮೀಟರಿಗೆ 16.6, ಎರಡನೆಯದಕ್ಕೆ 13.2, ಮೂರನೆಯದಕ್ಕೆ 10.7, ನಾಲ್ಕನೆಯದಕ್ಕೆ 7.3, ಐದನೆಯದಕ್ಕೆ 3.9. ಮೂರನೇ ಘನ ಮೀಟರ್ ಎರಡೂವರೆ ಮೀಟರ್ ಮಾತ್ರ ಏರಿದೆ. ಒಂದನ್ನು ಎರಡೂವರೆಯಿಂದ ಭಾಗಿಸಿದರೆ ಅಲ್ಲಿನ ಅಡ್ಡಕೊಯ್ತ 0.4 ಚದರ ಮೀಟರ್, ವ್ಯಾಸ ಸುಮಾರು 71 ಸೆಂಟಿಮೀಟರ್. 10.7ರಿಂದ 13.2 ಮೀಟರ್ ಆಳದ ನಡುವೆ ಗುಂಡಿ ಹಿಗ್ಗಿದೆ. ಮಣ್ಣು ಪರೀಕ್ಷೆಯ ವರದಿಯಲ್ಲಿ ಅದೇ ಆಳಕ್ಕೆ ಮೆತ್ತನೆಯ ಜೇಡಿ ಅಥವಾ ಸಡಿಲ ಮರಳು ಎಂದಿದ್ದರೆ ಕಾರಣವೂ ಸಿಕ್ಕಿತು. ಕೊನೆಯ ಮೂರು ಮೀಟರಿಗೆ ಇನ್ನೂ 0.85 ಘನ ಮೀಟರ್ ಹೋಗಿ ಒಟ್ಟು 5.85 ಆಗುತ್ತದೆ. ಶೇ 8 ಹೆಚ್ಚು. ಇದರಿಂದ ಪೈಲ್‌ಗೆ ಅಪಾಯವಿಲ್ಲ, ಹೊಟ್ಟೆ ಬಂದಿದೆ ಅಷ್ಟೆ.

ಹೆದರಬೇಕಾದ್ದು ಇದರ ವಿರುದ್ಧದ ಅಂಕಿಗೆ. ಒಂದು ಘನ ಮೀಟರ್ ಹೊಯ್ದಾಗ ಕಾಂಕ್ರೀಟ್ ನಾಲ್ಕೂವರೆ ಮೀಟರ್ ಏರಿದರೆ ಅಲ್ಲಿನ ಸರಾಸರಿ ವ್ಯಾಸ 53 ಸೆಂಟಿಮೀಟರ್. ಗೋಡೆ ಒಳಕ್ಕೆ ಬಂದಿದೆ, ಇಲ್ಲವೇ ಮಣ್ಣು ಕುಸಿದು ಕಾಂಕ್ರೀಟಿನ ಜಾಗ ಹಿಡಿದಿದೆ. ಅಡ್ಡಕೊಯ್ತದ ಐದನೇ ಒಂದು ಭಾಗ ಹೋಯಿತು. 45 ಸೆಂಟಿಮೀಟರಿನ ಪಂಜರದ ಸುತ್ತ ಉಳಿದ ಕವರ್ ನಾಲ್ಕೇ ಸೆಂಟಿಮೀಟರ್, ಅದೂ ಕೇಜ್ ನಟ್ಟ ನಡುವೆ ಇದ್ದರೆ. ಉಪ್ಪು ನೀರಿಗೆ ಕಂಬಿ ತುಕ್ಕು ಹಿಡಿಯುವುದು ಇಂಥ ಕಡೆಯಿಂದಲೇ. ಇಂಥ ಕುತ್ತಿಗೆ ಹಿಚುಕಿದ ಜಾಗವನ್ನು ಎಂಜಿನಿಯರ್‌ಗಳು ನೆಕ್ಕಿಂಗ್ ಎಂದು ಕರೆಯುತ್ತಾರೆ.

ಹಗ್ಗದ ಅಳತೆಯನ್ನು ಓದುವಾಗ ಒಂದು ಎಚ್ಚರಿಕೆ ಬೇಕು. 20 ಸೆಂಟಿಮೀಟರಿನ ಟ್ರೆಮಿ ಕೊಳವೆ ಪ್ರತಿ ಮೀಟರಿಗೆ 0.03 ಘನ ಮೀಟರ್ ಕಾಂಕ್ರೀಟನ್ನು ತನ್ನೊಳಗೇ ಹಿಡಿದಿಟ್ಟಿರುತ್ತದೆ. ಕೊಳವೆ ತುಂಬಿದ್ದಾಗ ಒಂದು ಅಳತೆ, ಖಾಲಿಯಾದಾಗ ಇನ್ನೊಂದು ಬರುತ್ತದೆ. ಹಾಗಾಗಿ ಕಾಲು ಘನ ಮೀಟರಿಗೊಮ್ಮೆ ಅಳೆದು ಗಾಬರಿಯಾಗುವುದಕ್ಕಿಂತ, ಒಂದೊಂದು ಘನ ಮೀಟರಿಗೆ ಒಮ್ಮೆ, ಕೊಳವೆಯ ಕಾಂಕ್ರೀಟ್ ಇಳಿದು ನಿಂತ ಮೇಲೆ ಅಳೆಯುವುದು ಸರಿ.

ಲೆಕ್ಕ ಹೇಳಲಾರದ್ದು

ಒಟ್ಟು ಪ್ರಮಾಣ 4.9 ಬಂದರೆ ಅನುಮಾನವೇ ಬೇಡ. ಅರ್ಧ ಘನ ಮೀಟರ್ ಕಡಿಮೆ ಎಂದರೆ ಒಂದೂಮುಕ್ಕಾಲು ಮೀಟರ್ ಪೈಲ್ ಇಲ್ಲವೆಂದೇ ಅರ್ಥ. ಗುಂಡಿ ಹೇಳಿದ್ದಕ್ಕಿಂತ ಕಡಿಮೆ ಆಳವಿತ್ತು, ಅಥವಾ ನಡುವೆ ಎಲ್ಲೋ ಮಣ್ಣು ಕೂತಿದೆ. ಆದರೆ ಒಟ್ಟು 5.6 ಬಂತೆಂದ ಮಾತ್ರಕ್ಕೆ ಎಲ್ಲ ಸರಿಯಿದೆ ಎನ್ನಲಾಗದು. ಒಂದು ಕಡೆಯ ಹೊಟ್ಟೆ ಇನ್ನೊಂದು ಕಡೆಯ ಸಪೂರವನ್ನು ಮುಚ್ಚಿಹಾಕಬಹುದು. ಒಟ್ಟು ಮೊತ್ತಕ್ಕಿಂತ ಹಗ್ಗದ ಅಳತೆಯ ಪಟ್ಟಿಗೆ ಬೆಲೆ ಹೆಚ್ಚು ಎನ್ನುವುದು ಇದಕ್ಕೇ.

ಇನ್ನೊಂದು ದೋಷ ಈ ಪಟ್ಟಿಯ ಕಣ್ಣಿಗೂ ಬೀಳುವುದಿಲ್ಲ. ತೊಳೆದ ಗುಂಡಿಯನ್ನು ಗಂಟೆಗಟ್ಟಲೆ ಹಾಗೇ ಬಿಟ್ಟರೆ ಬೆಂಟೋನೈಟಿನಲ್ಲಿ ತೇಲುತ್ತಿದ್ದ ಮರಳು ತಳಕ್ಕೆ ಕೂರುತ್ತದೆ. ಅಂಥ 30 ಸೆಂಟಿಮೀಟರ್ ಕೆಸರು ತಳದಲ್ಲಿದ್ದರೆ ಕಾಂಕ್ರೀಟ್ ಕಡಿಮೆಯಾಗುವುದು 0.085 ಘನ ಮೀಟರ್, ಒಟ್ಟು ಪ್ರಮಾಣದ ಶೇ 1.6. ಗುಂಡಿಯ ಸಣ್ಣ ಏರುಪೇರಿನಲ್ಲೇ ಅದು ಕರಗಿಹೋಗುತ್ತದೆ. ಆದರೆ ಬಂಡೆಯ ಮೇಲೆ ಕೂರಬೇಕಿದ್ದ ಪೈಲ್ ಮೆತ್ತೆಯ ಮೇಲೆ ಕೂತಿರುತ್ತದೆ. ಇದನ್ನು ಹಿಡಿಯುವ ಹೊತ್ತು ಒಂದೇ: ಕೇಜ್ ಇಳಿಸಿದ ಮೇಲೆ, ಮೊದಲ ಹನಿ ಕಾಂಕ್ರೀಟ್ ಬೀಳುವ ಮುಂಚೆ, ಮತ್ತೊಮ್ಮೆ ಹಗ್ಗ ಬಿಟ್ಟು ಆಳ ನೋಡುವುದು. ಕೊರೆದಾಗ 20 ಇದ್ದದ್ದು ಈಗ 19.7 ಎಂದು ತೋರಿಸಿದರೆ ಮತ್ತೆ ತೊಳೆಯಬೇಕು.

ಎರಕ ಗಟ್ಟಿಯಾದ ಮೇಲೆ ಪೈಲ್‌ನ ತಲೆಗೆ ಸಣ್ಣ ಸುತ್ತಿಗೆಯಿಂದ ತಟ್ಟಿ, ಒಳಗೆ ಹೋಗಿ ಮರಳಿ ಬರುವ ಕಂಪನವನ್ನು ಯಂತ್ರದಲ್ಲಿ ಓದುವ ಪರೀಕ್ಷೆಯಿದೆ. ಇದರ ಕ್ರಮವನ್ನು ಐಎಸ್ 14893 ಹೇಳುತ್ತದೆ. ದೊಡ್ಡ ಬಿರುಕು, ಕುತ್ತಿಗೆ ಸಣ್ಣಗಾದ ಜಾಗ, ಸುಮಾರು ಉದ್ದ ಇವುಗಳ ಸುಳಿವು ಸಿಗುತ್ತದೆ. ಆ ಕಂಪನದ ಗೆರೆಯಲ್ಲಿ 12 ಮೀಟರ್ ಹತ್ತಿರ ಒಂದು ಏರಿಳಿತ ಕಂಡಾಗ ಅದು ಹೊಟ್ಟೆಯೋ ದೋಷವೋ ಎಂದು ಬಿಡಿಸಲು ನೆರವಾಗುವುದು ಮತ್ತೆ ಅದೇ ಎರಕದ ಪಟ್ಟಿ. ಭಾರ ಹೊರುವ ಶಕ್ತಿಯನ್ನು ತಿಳಿಯಲು ಲೋಡ್ ಟೆಸ್ಟ್ ಬೇರೆಯೇ ಇದೆ, ಆದರೆ ಅದನ್ನು ಆಯ್ದ ಕೆಲವು ಪೈಲ್‌ಗಳಿಗಷ್ಟೇ ಮಾಡುತ್ತಾರೆ.

ಮನೆ ಕಟ್ಟಿಸುವವರು, ಅಪಾರ್ಟ್‌ಮೆಂಟ್ ಸಂಘದವರು ಪೈಲ್ ರಿಜಿಸ್ಟರ್ ಕೇಳಿ ತೆಗೆಸಬಹುದು. ಪ್ರತಿ ಪೈಲ್‌ಗೂ ಅದರಲ್ಲಿ ಒಂದು ಹಾಳೆ ಇರಬೇಕು: ಕೊರೆದ ಆಳ, ಎರಕಕ್ಕೆ ಮುಂಚಿನ ಆಳ, ಕಟ್-ಆಫ್ ಮಟ್ಟ, ಕೇಜಿನ ಉದ್ದ, ಕಂಬಿಗಳ ಸಂಖ್ಯೆ, ಲೆಕ್ಕದ ಕಾಂಕ್ರೀಟ್, ಹೋದ ಕಾಂಕ್ರೀಟ್, ನಡುವಿನ ಹಗ್ಗದ ಅಳತೆಗಳು. ನೂರು ಪೈಲ್‌ಗೂ ಹೆಚ್ಚುವರಿ ಕಾಂಕ್ರೀಟ್ ಒಂದೇ ಅಂಕಿ ಎಂದು ಬರೆದಿದ್ದರೆ ಆ ರಿಜಿಸ್ಟರ್ ಸೈಟಿನಲ್ಲಿ ಹುಟ್ಟಿದ್ದಲ್ಲ, ಆಫೀಸಿನಲ್ಲಿ ಕೂತು ಬರೆದದ್ದು. ನಿಜವಾದ ಗುಂಡಿಗಳು ಒಂದು ಇನ್ನೊಂದರಂತೆ ಇರುವುದಿಲ್ಲ. ಲಾರಿಯ ಚಲನ್‌ಗಳನ್ನು ತರಿಸಿ ಆ ದಿನದ ಪೈಲ್‌ಗಳ ಮೊತ್ತಕ್ಕೆ ತಾಳೆ ನೋಡಿದರೆ ಉಳಿದದ್ದು ತಿಳಿಯುತ್ತದೆ.

ಪೈಲ್‌ನ ತಲೆ ಒಡೆದು ಕಟ್-ಆಫ್ ಮಟ್ಟಕ್ಕೆ ತಂದ ದಿನ ಇನ್ನೊಂದು ಅಳತೆಗೆ ಅವಕಾಶ ಸಿಗುತ್ತದೆ. ಮೇಲೆ ಎಂಟು ಕಂಬಿಗಳು ಕಾಣಬೇಕು, ಪ್ರತಿಯೊಂದೂ 80 ಸೆಂಟಿಮೀಟರ್ ಎದ್ದಿರಬೇಕು. 70 ಸೆಂಟಿಮೀಟರ್ ಮಾತ್ರ ಇದ್ದರೆ, ಒಂದೋ ಕೇಜ್ ಕಟ್ಟಿದ್ದೇ ಗಿಡ್ಡ, ಇಲ್ಲವೇ ಅದು ತಳಕ್ಕೆ ಜಾರಿದೆ. ಬುಡದ ಕವರ್ ಹೋಗಿದೆಯೇ ಎಂದು ಕೇಳಬೇಕು. ಒಂದು ಮೀಟರ್ ಹತ್ತು ಸೆಂಟಿಮೀಟರ್ ಎದ್ದಿದ್ದರೆ, ಎರಕದ ವೇಳೆ ಕಾಂಕ್ರೀಟಿನ ನೂಕಿಗೋ ಟ್ರೆಮಿ ಎಳೆದದ್ದಕ್ಕೋ ಕೇಜ್ 30 ಸೆಂಟಿಮೀಟರ್ ಮೇಲೆದ್ದಿರುವ ಸಾಧ್ಯತೆ ಇದೆ. ಆಗ ತಳದ 40 ಸೆಂಟಿಮೀಟರಿನಲ್ಲಿ ಕಂಬಿಯೇ ಇರುವುದಿಲ್ಲ. ಎರಡೂ ಸಂದರ್ಭಗಳಲ್ಲಿ ಕ್ಯಾಪಿನ ಕಂಬಿ ಕಟ್ಟುವ ಮೊದಲೇ ವಿನ್ಯಾಸಕಾರರಿಗೆ ಬರೆದು ತಿಳಿಸಿ, ಕಂಬಿ ಬೆಸೆದು ಉದ್ದ ಮಾಡಬೇಕೋ, ಪೈಲನ್ನು ಹಾಗೇ ಒಪ್ಪಬಹುದೋ, ಪಕ್ಕದಲ್ಲಿ ಇನ್ನೊಂದು ಕೊರೆಯಬೇಕೋ ಎಂಬ ಉತ್ತರವನ್ನು ಲಿಖಿತವಾಗಿ ಪಡೆಯಬೇಕು.